ಪೇಪರ್‌ನಲ್ಲಿ ಮೊದಲ ಹೆಸರು ಯಾರದು? ಗೈಡ್ ಜೊತೆ ಈ ಮಾತು ಯಾವಾಗ ಆಡಬೇಕು, ಹೇಗೆ ಆಡಬೇಕು

ಪಿಎಚ್‌ಡಿ ವಿದ್ಯಾರ್ಥಿಗಳು ಇಬ್ಬರು ಸೇರಿದರೆ ಎರಡು ದೂರು ಗ್ಯಾರಂಟಿ. ಒಂದು, ‘ಕೆಲಸ ಎಲ್ಲ ನಾನು ಮಾಡಿದೆ, ಪೇಪರ್‌ನಲ್ಲಿ ನನ್ನ ಹೆಸರು ಮೂರನೆಯದು’. ಇನ್ನೊಂದು, ‘ಗೈಡ್ ಹೇಳಿದ ಕೆಲಸವೇ ಮುಗಿಯಲ್ಲ, ನನ್ನ ಕೆಲಸ ಯಾವಾಗ ಮಾಡಲಿ’. ಇವು ಬೇರೆ ಬೇರೆ ದೂರುಗಳಂತೆ ಕಾಣುತ್ತವೆ. ನನ್ನ ಪ್ರಕಾರ ಎರಡೂ ಒಂದೇ. ಹೆಸರಿನ ಜಗಳ ಪೇಪರ್ ಬರೆಯುವಾಗ ಹುಟ್ಟುವುದಿಲ್ಲ. ಯಾರು ಯಾವ ಪ್ರಯೋಗ ಮಾಡಬೇಕು ಎಂದು ಗೈಡ್ ಕೆಲಸ ಹಂಚಿದ ದಿನವೇ ಹುಟ್ಟಿರುತ್ತದೆ. ಆವತ್ತು ಯಾರೂ ಬಾಯಿ ಬಿಟ್ಟಿರುವುದಿಲ್ಲ, ಅಷ್ಟೇ.

ಇಲ್ಲಿ ಹೇಳುತ್ತಿರುವುದು ನಮ್ಮ ವಿಶ್ವವಿದ್ಯಾಲಯಗಳ ಪ್ರಯೋಗಾಲಯ ವಿಭಾಗಗಳ ಬಗ್ಗೆ: ರಸಾಯನಶಾಸ್ತ್ರ, ಭೌತಶಾಸ್ತ್ರ, ಜೀವವಿಜ್ಞಾನ, ಮೆಟೀರಿಯಲ್ಸ್. ಗಣಿತದಲ್ಲಿ ಸಾಮಾನ್ಯವಾಗಿ ಅಕ್ಷರಮಾಲೆ ಪ್ರಕಾರ ಹೆಸರು ಹಾಕುತ್ತಾರೆ, ಹಾಗಾಗಿ ಜಗಳ ಕಡಿಮೆ. ಇತಿಹಾಸ, ಸಾಹಿತ್ಯದಲ್ಲಿ ಹೆಚ್ಚಾಗಿ ಒಬ್ಬರೇ ಬರೆಯುತ್ತಾರೆ. ಲ್ಯಾಬ್‌ನಲ್ಲಿ ಮಾತ್ರ ಹೆಸರು ಎಲ್ಲಿ ನಿಂತಿದೆ ಅನ್ನುವುದಕ್ಕೇ ಒಂದು ಅರ್ಥ ಇದೆ. ಮೊದಲ ಹೆಸರು ಹೆಚ್ಚಿನ ಕೆಲಸ ಮಾಡಿದವರದು. ಕೊನೆಯ ಹೆಸರು ಲ್ಯಾಬ್ ನಡೆಸುವವರದು. ಜರ್ನಲ್ ಜೊತೆ ಪತ್ರವ್ಯವಹಾರ ಮಾಡುವ ಕರೆಸ್ಪಾಂಡಿಂಗ್ ಲೇಖಕರೂ ಸಾಮಾನ್ಯವಾಗಿ ಅವರೇ. ನಡುವೆ ಇರುವವರು ಎರಡನೆಯವರೋ ಐದನೆಯವರೋ ಎಂದು ಹೊರಗಿನವರು ಅಷ್ಟಾಗಿ ನೋಡುವುದಿಲ್ಲ. ಹಾಗಾಗಿ ಎರಡನೇ ಜಾಗಕ್ಕಾಗಿ ಸಂಬಂಧ ಕೆಡಿಸಿಕೊಳ್ಳುವುದು ನನಗೆ ಲಾಭದ ಕೆಲಸ ಅನ್ನಿಸುವುದಿಲ್ಲ. ಮಾತಾಡಬೇಕಾದ್ದು ಮೊದಲ ಜಾಗದ ಬಗ್ಗೆ.

ಗೈಡ್‌ಗೆ ಏನು ಬೇಕು ಅನ್ನುವುದನ್ನೂ ಮೊದಲೇ ತಿಳಿದುಕೊಂಡರೆ ಒಳ್ಳೆಯದು. ಅಧ್ಯಾಪಕರ ಬಡ್ತಿಗೆ ಯುಜಿಸಿಯ 2018ರ ನಿಯಮಗಳಲ್ಲಿ ಒಂದು ಅಂಕಪಟ್ಟಿ ಇದೆ. ವಿಜ್ಞಾನ ವಿಭಾಗದಲ್ಲಿ ಒಂದು ಪೇಪರ್‌ಗೆ ಮೂಲ ಅಂಕ 8. ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ ಇದರ ಮೇಲೆ ಇನ್ನಷ್ಟು ಸೇರುತ್ತದೆ. ಇಬ್ಬರೇ ಲೇಖಕರಿದ್ದರೆ ಇಬ್ಬರಿಗೂ ಶೇ. 70, ಅಂದರೆ ಮೂಲ ಅಂಕದಲ್ಲಿ ತಲಾ 5.6. ಮೂರನೇ ಹೆಸರು ಸೇರಿತೋ, ಲೆಕ್ಕ ಬದಲಾಗುತ್ತದೆ. ಶೇ. 70 ಸಿಗುವುದು ‘ಮೊದಲ, ಮುಖ್ಯ ಅಥವಾ ಕರೆಸ್ಪಾಂಡಿಂಗ್’ ಲೇಖಕರಿಗೆ. ಉಳಿದವರಿಗೆ ತಲಾ ಶೇ. 30, ಅಂದರೆ 2.4.

ಈ ಸಾಲನ್ನು ಇನ್ನೊಮ್ಮೆ ಓದಿ. ಮೊದಲ ಲೇಖಕರನ್ನೂ ಕರೆಸ್ಪಾಂಡಿಂಗ್ ಲೇಖಕರನ್ನೂ ಅದು ಒಂದೇ ಸಾಲಲ್ಲಿ ಇಟ್ಟಿದೆ. ಗೈಡ್ ಕೊನೆಯಲ್ಲಿದ್ದು ಕರೆಸ್ಪಾಂಡಿಂಗ್ ಆದರೆ, ಬಡ್ತಿಗೋಸ್ಕರ ಮೊದಲ ಜಾಗವೂ ಬೇಕು ಅನ್ನುವುದಕ್ಕೆ ಕಾರಣ ಕಡಿಮೆ. ಇದನ್ನು ಹೇಗೆ ಎಣಿಸುತ್ತಾರೆ ಎಂದು ನಿಮ್ಮ ವಿಶ್ವವಿದ್ಯಾಲಯದಲ್ಲೇ ಒಮ್ಮೆ ವಿಚಾರಿಸಿ. ಎಷ್ಟೋ ಕಡೆ ‘ಈ ಸಲ ನನ್ನ ಹೆಸರು ಮೊದಲು ಇರಲಿ’ ಅನ್ನುವ ಮಾತಿನ ಹಿಂದೆ ಇರುವುದು ಈ ಅಂಕದ ಗೊಂದಲವೇ ಹೊರತು ದುರಾಸೆಯಲ್ಲ.

ಏಳು ಫಿಗರ್‌ಗಳ ಒಂದು ಪೇಪರ್

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ನಮ್ಮ ಎಷ್ಟೋ ಲ್ಯಾಬ್‌ಗಳಲ್ಲಿ ನಡೆಯುವ ಕೆಲಸವೇ ಇದು: ಝಿಂಕ್ ಆಕ್ಸೈಡ್‌ನ ನ್ಯಾನೊ ಪುಡಿಗೆ ಸ್ವಲ್ಪ ತಾಮ್ರ ಸೇರಿಸುವುದು, ಬಣ್ಣದ ನೀರಿಗೆ ಹಾಕುವುದು, ಬೆಳಕಿಗೆ ಇಟ್ಟು ಬಣ್ಣ ಎಷ್ಟು ಬೇಗ ಒಡೆಯುತ್ತದೆ ಎಂದು ಅಳೆಯುವುದು. ಬಣ್ಣ ಮೆಥಿಲೀನ್ ಬ್ಲೂ. 664 ನ್ಯಾನೊಮೀಟರ್ ಹತ್ತಿರ ಬೆಳಕು ಹೀರುವ ಪ್ರಮಾಣ ಕಡಿಮೆಯಾದಷ್ಟೂ ಬಣ್ಣ ಒಡೆದಿದೆ ಎಂದರ್ಥ.

ಪುಡಿ ಮಾಡುವ ವಿಧಾನವನ್ನು ಶುರುಮಾಡಿದ್ದು ನಿಮ್ಮ ಸೀನಿಯರ್. ಅವರು ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದರು. ನೀವು ಅದನ್ನು ಮುಂದುವರಿಸಿ, ತಾಮ್ರವನ್ನು ಶೇ. 1, 3, 5ರಂತೆ ಹಾಕಿ ಮೂರು ಮಾದರಿ ಮಾಡಿದಿರಿ. ಹೊಸದಾಗಿ ಸೇರಿದ ಜೂನಿಯರ್ ಕೊನೆಯ ಎರಡು ಪ್ರಯೋಗ ಮಾಡುತ್ತಿದ್ದಾರೆ.

ಈಗ ‘ಯಾರು ಜಾಸ್ತಿ ಕೆಲಸ ಮಾಡಿದರು’ ಎಂದು ಕೇಳಿದರೆ ಮೂವರೂ ‘ನಾನೇ’ ಅನ್ನುತ್ತಾರೆ. ಅದರಲ್ಲಿ ಸುಳ್ಳೂ ಇರುವುದಿಲ್ಲ. ಪ್ರತಿಯೊಬ್ಬರಿಗೂ ತಮ್ಮ ರಾತ್ರಿಗಳೇ ನೆನಪಿರುತ್ತವೆ. ಅದಕ್ಕೇ ಗಂಟೆಗಳನ್ನು ಎಣಿಸಬಾರದು, ಫಿಗರ್‌ಗಳನ್ನು ಎಣಿಸಬೇಕು. ಪೇಪರ್‌ನಲ್ಲಿ ಏಳು ಫಿಗರ್ ಬರುತ್ತವೆ ಅಂದುಕೊಳ್ಳಿ. ಮೊದಲನೆಯದು ಎಕ್ಸ್‌ಆರ್‌ಡಿ, ನೀವು ಮಾಡಿದ್ದು. ಎರಡನೆಯದು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಚಿತ್ರ, ಮಾದರಿ ನಿಮ್ಮದು, ತೆಗೆದದ್ದು ಹಣ ಕಟ್ಟಿ ಬೇರೆ ಸಂಸ್ಥೆಯಲ್ಲಿ. ಮೂರನೆಯದು ಬ್ಯಾಂಡ್ ಗ್ಯಾಪ್ ಲೆಕ್ಕ, ನೀವು. ನಾಲ್ಕು, ಐದು ಬಣ್ಣ ಒಡೆಯುವ ವೇಗ ಮತ್ತು ಪುಡಿಯ ಪ್ರಮಾಣ, ನೀವು. ಆರನೆಯದು ಸ್ಕ್ಯಾವೆಂಜರ್ ಪರೀಕ್ಷೆ: ಐಸೊಪ್ರೊಪನಾಲ್, ಬೆಂಜೊಕ್ವಿನೋನ್, ಇಡಿಟಿಎ ಒಂದೊಂದಾಗಿ ಹಾಕಿ, ಬಣ್ಣ ಒಡೆಯುವುದು ಯಾವುದರಿಂದ ಎಂದು ಹುಡುಕುವುದು. ಇದು ಜೂನಿಯರ್ ಕೆಲಸ. ಏಳನೆಯದು ಅದೇ ಪುಡಿಯನ್ನು ತೊಳೆದು ಐದು ಸಲ ಮತ್ತೆ ಬಳಸಿ ನೋಡುವುದು, ಅದೂ ಜೂನಿಯರ್.

ಹೀಗೆ ಬರೆದಿಟ್ಟ ಕೂಡಲೇ ಅರ್ಧ ಗೊಂದಲ ಕರಗುತ್ತದೆ. ಮೊದಲ ಹೆಸರು ನಿಮ್ಮದು ಅನ್ನುವುದಕ್ಕೆ ವಾದ ಮಾಡುವ ಅಗತ್ಯವೇ ಇಲ್ಲ, ಹಾಳೆಯೇ ಹೇಳುತ್ತದೆ. ಮೈಕ್ರೋಸ್ಕೋಪ್ ನಡೆಸಿದವರಿಗೆ ಶುಲ್ಕ ಕೊಟ್ಟಿದ್ದೇವೆ, ಅವರು ಚಿತ್ರವನ್ನು ವಿಶ್ಲೇಷಿಸಿ ಕೊಟ್ಟಿಲ್ಲ. ಅವರಿಗೆ ಕೊನೆಯಲ್ಲಿ ಕೃತಜ್ಞತೆ ಸಾಕು.

ಕಷ್ಟದ ಪ್ರಶ್ನೆ ಸೀನಿಯರ್‌ದು. ಅವರ ಹೆಸರಿನ ಎದುರು ಒಂದು ಫಿಗರ್ ಕೂಡ ಇಲ್ಲ. ಅವರು ಮಾಡಿದ್ದ ಅಳತೆಗಳನ್ನೆಲ್ಲ ನೀವು ಮತ್ತೆ ಮಾಡಿದಿರಿ. ಆದರೆ ಪುಡಿ ಮಾಡುವ ವಿಧಾನ ಅವರದು, ಅದಿಲ್ಲದೆ ಏಳರಲ್ಲಿ ಒಂದು ಫಿಗರೂ ಇಲ್ಲ. ಅಂಥವರ ಹೆಸರು ಇರಲೇಬೇಕು. ಆದರೆ ಒಂದು ಷರತ್ತು: ಅವರು ಡ್ರಾಫ್ಟ್ ಓದಿ ಒಪ್ಪಬೇಕು. ವೈದ್ಯಕೀಯ ಜರ್ನಲ್‌ಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಮಾನದಂಡವನ್ನು ಬೇರೆ ವಿಷಯದವರೂ ನೋಡುತ್ತಾರೆ. ಅದರ ಪ್ರಕಾರ ಕೆಲಸದಲ್ಲಿ ಗಣನೀಯ ಪಾಲು ಇರಬೇಕು, ಬರವಣಿಗೆಯಲ್ಲೋ ತಿದ್ದುವುದರಲ್ಲೋ ಪಾಲು ಇರಬೇಕು, ಕೊನೆಯ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು, ಪ್ರಶ್ನೆ ಬಂದರೆ ಉತ್ತರ ಕೊಡಲು ಸಿದ್ಧ ಇರಬೇಕು. ನಾಲ್ಕೂ ಬೇಕು. ಜೊತೆಗೆ, ಮೊದಲ ಅರ್ಹತೆ ಇದ್ದವರಿಗೆ ಉಳಿದವಕ್ಕೆ ಅವಕಾಶ ಕೊಡಬೇಕು ಎಂದೂ ಅದು ಹೇಳುತ್ತದೆ. ಅಂದರೆ ‘ಅವರು ಹೋದರಲ್ಲ, ಬಿಡು’ ಅನ್ನುವಂತಿಲ್ಲ. ಡ್ರಾಫ್ಟ್ ಕಳಿಸಬೇಕು, ಕಾಯಬೇಕು.

ಬಾಯಿ ಬಿಡುವುದು ಹೇಗೆ

ಸರ್ ಅಥವಾ ಮೇಡಂ ಎದುರು ನಿಂತು ‘ನನ್ನ ಹೆಸರು ಎಲ್ಲಿ ಬರುತ್ತೆ’ ಎಂದು ಕೇಳುವುದು ನಮ್ಮಲ್ಲಿ ಸುಲಭವಲ್ಲ. ಕೇಳಿದರೂ ‘ಕೆಲಸ ಮಾಡ್ರಪ್ಪ ಮೊದಲು’ ಅನ್ನುವ ಉತ್ತರ ಬರುತ್ತದೆ. ಅದಕ್ಕೆ ಹೆಸರಿನ ಮಾತು ಬಿಟ್ಟು ಫಿಗರ್ ಪಟ್ಟಿ ಹಿಡಿದು ಹೋಗಬೇಕು. ಮಾತು ಹೀಗೆ ಸಾಗಬಹುದು:

‘ಸರ್, ಈ ಪೇಪರ್‌ಗೆ ಏಳು ಫಿಗರ್ ಬೇಕಾಗುತ್ತೆ ಅನ್ಸುತ್ತೆ. ಯಾವುದು ಯಾರು ಮಾಡೋದು ಅಂತ ಪಟ್ಟಿ ಮಾಡಿದ್ದೀನಿ, ಒಂದ್ಸಲ ನೋಡ್ತೀರಾ?’

‘ಈಗಲೇ ಯಾಕೆ? ರಿಸಲ್ಟ್ ಬರಲಿ.’

‘ಆಯ್ತು ಸರ್, ರಿಸಲ್ಟ್ ಬಂದಮೇಲೆ ಬದಲಾಯಿಸೋಣ. ಡ್ರಾಫ್ಟ್ ನಾನೇ ಬರೆಯೋದಾದ್ರೆ ಇಂಟ್ರೊಡಕ್ಷನ್ ಈ ತಿಂಗಳೇ ಶುರು ಮಾಡ್ತೀನಿ.’

ಗಮನಿಸಿ, ಇಲ್ಲಿ ಹೆಸರಿನ ಮಾತೇ ಬಂದಿಲ್ಲ. ಆದರೆ ‘ಸರಿ, ಬರಿ’ ಎಂದು ಗೈಡ್ ಹೇಳಿದರೆ ಮೊದಲ ಲೇಖಕ ಯಾರು ಅನ್ನುವುದು ಮುಕ್ಕಾಲು ಪಾಲು ತೀರ್ಮಾನ ಆದಂತೆ. ಮೊದಲ ಡ್ರಾಫ್ಟ್ ಬರೆದವರನ್ನು ಮೊದಲ ಜಾಗದಿಂದ ಇಳಿಸುವುದು ಯಾರಿಗೂ ಮುಜುಗರ. ಇದಕ್ಕೆ ಇನ್ನೊಂದು ಮುಖವೂ ಇದೆ. ಡೇಟಾ ಮಾತ್ರ ಕೊಟ್ಟು ಬರೆಯುವುದನ್ನು ಗೈಡ್‌ಗೆ ಬಿಟ್ಟರೆ, ಆರು ತಿಂಗಳು ‘ಬರೀತಿದ್ದೀನಿ ಸರ್’ ಅನ್ನುತ್ತ ಕೂತರೆ, ಹಾಳೆಯಲ್ಲಿ ಐದು ಫಿಗರ್ ಇದ್ದರೂ ನಿಮ್ಮ ಪಾಯ ಸಡಿಲವಾಗುತ್ತದೆ. ಕೊನೆಯ ಫಿಗರ್ ಮುಗಿದ ಮೇಲೆ ಇಷ್ಟು ವಾರದಲ್ಲಿ ಡ್ರಾಫ್ಟ್ ಕೊಡುತ್ತೇನೆ ಎಂದು ನೀವೇ ಗಡುವು ಹೇಳಿ. ಆಮೇಲೆ ಗೈಡ್ ಅದನ್ನು ಪೂರ್ತಿ ತಿದ್ದಿ ಬರೆದರೂ ಚಿಂತೆ ಬೇಡ. ವಿದ್ಯಾರ್ಥಿಯ ಡ್ರಾಫ್ಟ್ ತಿದ್ದುವುದು ಗೈಡ್ ಕೆಲಸವೇ, ಅದಕ್ಕೇ ಅವರು ಕೊನೆಯಲ್ಲಿದ್ದಾರೆ.

ಮಾತು ಮುಗಿದ ದಿನ ಸಂಜೆಯೇ ಒಂದು ಮೇಲ್ ಕಳಿಸಿ. ನಾಲ್ಕು ಸಾಲು ಸಾಕು: ‘ಸರ್, ಇವತ್ತು ಮಾತಾಡಿದಂತೆ ಫಿಗರ್ 1ರಿಂದ 5 ನಾನು, 6 ಮತ್ತು 7 ಜೂನಿಯರ್. ಡ್ರಾಫ್ಟ್ ನಾನು ಬರೆಯುತ್ತೇನೆ. ಲೇಖಕರ ಕ್ರಮ ಸದ್ಯಕ್ಕೆ ನಾನು, ಜೂನಿಯರ್, ಸೀನಿಯರ್, ಕೊನೆಗೆ ನೀವು ಅಂದುಕೊಂಡಿದ್ದೇನೆ. ಕೆಲಸದ ಹಂಚಿಕೆ ಬದಲಾದರೆ ಇದನ್ನೂ ಮತ್ತೆ ನೋಡೋಣ.’ ಜೂನಿಯರ್‌ಗೂ ಕಾಪಿ ಹಾಕಿ. ಹೆಸರಿನ ಕ್ರಮ ಮೊದಲ ಸಲ ಬರವಣಿಗೆಯಲ್ಲಿ ಬರುವುದು ಇಲ್ಲಿ. ಅದೂ ಕೆಲಸದ ಪಟ್ಟಿಯ ಬಾಲವಾಗಿ ಬರುತ್ತದೆ, ಹಕ್ಕಿನ ಬೇಡಿಕೆಯಾಗಿ ಅಲ್ಲ. ಕೊನೆಯ ವಾಕ್ಯವನ್ನು ಮಾತ್ರ ಬಿಡಬೇಡಿ. ಅದಿಲ್ಲದಿದ್ದರೆ ಮೇಲ್ ಕರಾರುಪತ್ರದಂತೆ ಕಾಣುತ್ತದೆ.

‘ಈ ಸಲ ಅವನಿಗೆ ಬಿಟ್ಟುಕೊಡು, ಮುಂದಿನದು ನಿನ್ನದು’

ನಿಜವಾದ ಇಕ್ಕಟ್ಟು ಬರುವುದು ಹೀಗೆ. ಜೂನಿಯರ್‌ಗೆ ಫೆಲೋಶಿಪ್ ಇದೆ. ಎರಡು ವರ್ಷವಾದ ಮೇಲೆ ಸಮಿತಿ ಪ್ರಗತಿ ನೋಡಿ ಜೆಆರ್‌ಎಫ್‌ನಿಂದ ಎಸ್‌ಆರ್‌ಎಫ್‌ಗೆ ಏರಿಸಬೇಕು. ತಿಂಗಳಿಗೆ 37,000 ಇರುವುದು 42,000 ಆಗುತ್ತದೆ. ಕೈಯಲ್ಲಿ ಒಂದು ಪೇಪರ್ ಇದ್ದರೆ ಸಮಿತಿ ಮುಂದೆ ಮಾತು ಸಲೀಸು. ಗೈಡ್ ನಿಮ್ಮನ್ನು ಕರೆದು ‘ಈ ಸಲ ಅವನ ಹೆಸರು ಮೊದಲು ಹಾಕೋಣ, ಮುಂದಿನದು ನಿನ್ನದು’ ಅನ್ನುತ್ತಾರೆ. ಗೈಡ್ ಕೆಟ್ಟವರಲ್ಲ, ಇಬ್ಬರನ್ನೂ ದಡ ಸೇರಿಸಬೇಕು ಅವರಿಗೆ. ಆದರೆ ಐದು ಫಿಗರ್ ನಿಮ್ಮದು.

ಇಲ್ಲಿ ತಕ್ಷಣ ‘ಆಗಲ್ಲ’ ಅನ್ನಬೇಡಿ, ‘ಆಯ್ತು ಸರ್’ ಕೂಡ ಅನ್ನಬೇಡಿ. ‘ಮುಂದಿನ ಪೇಪರ್ ಯಾವುದು ಸರ್?’ ಎಂದು ಕೇಳಿ. ಇದು ಸವಾಲಲ್ಲ, ಪ್ರಾಮಾಣಿಕ ಪ್ರಶ್ನೆ. ಆ ಪೇಪರ್‌ಗೆ ಒಂದಾದರೂ ಪ್ರಯೋಗ ಶುರುವಾಗಿದೆಯಾ, ಯಾವ ಫಿಗರ್‌ಗಳು, ಯಾವ ತಿಂಗಳಿಗೆ? ಉತ್ತರ ಇದ್ದರೆ ಮಾತು ಮುಂದುವರಿಸಬಹುದು. ಇಲ್ಲದಿದ್ದರೆ ಆ ಮಾತಿಗೆ ಬೆಲೆ ಇಲ್ಲ ಎಂದು ಗೈಡ್‌ಗೂ ಅನ್ನಿಸುತ್ತದೆ.

ನನಗೆ ಸರಿ ಕಾಣುವ ದಾರಿ ಇದನ್ನೇ ತಿರುಗಿಸುವುದು. ಈ ಪೇಪರ್ ಫಿಗರ್ ಪಟ್ಟಿಯಂತೆ ನಿಮ್ಮದಾಗಿರಲಿ. ಅದೇ ಪುಡಿಯನ್ನು ಬಣ್ಣದ ಬದಲು ಔಷಧಿ ಕಾರ್ಖಾನೆಯ ತ್ಯಾಜ್ಯದಲ್ಲಿ ಸಿಗುವಂಥ ಆ್ಯಂಟಿಬಯಾಟಿಕ್ ಮೇಲೆ ಪ್ರಯೋಗಿಸುವ ಎರಡನೇ ಪೇಪರ್ ಜೂನಿಯರ್‌ದಾಗಲಿ. ಸ್ಕ್ಯಾವೆಂಜರ್ ಪರೀಕ್ಷೆ, ಮರುಬಳಕೆ ಎರಡೂ ಅವರಿಗೆ ಈಗ ಕರಗತ, ಅವೇ ಆ ಪೇಪರ್‌ನ ಬೆನ್ನೆಲುಬು. ಮಾದರಿ ಮಾಡಿ ಎಕ್ಸ್‌ಆರ್‌ಡಿ ತೆಗೆದುಕೊಡುವುದು ನೀವು, ಅಲ್ಲಿ ಎರಡನೇ ಹೆಸರು ನಿಮ್ಮದು. ಸಮಿತಿ ಮುಂದೆ ಜೂನಿಯರ್ ಬಳಿ ಎರಡನೇ ಹೆಸರಿನ ಒಂದು ಪೇಪರ್ ಮತ್ತು ಮೊದಲ ಹೆಸರಿನ ಒಂದು ಡ್ರಾಫ್ಟ್ ಇರುತ್ತದೆ. ಸಾಮಾನ್ಯವಾಗಿ ಇಷ್ಟು ಸಾಕು.

ಇಬ್ಬರ ಹೆಸರಿಗೂ ನಕ್ಷತ್ರ ಹಾಕಿ ‘ಸಮಾನ ಕೊಡುಗೆ’ ಎಂದು ಬರೆಯುವ ದಾರಿಯೂ ಉಂಟು. ಕೆಲಸ ನಿಜಕ್ಕೂ ಅರ್ಧರ್ಧ ಇದ್ದರೆ ಅದು ನ್ಯಾಯವೇ. ಆದರೆ ಐದಕ್ಕೆ ಎರಡು ಇದ್ದಾಗ ಅದು ಜಗಳ ಮುಂದೂಡುವ ಉಪಾಯ ಮಾತ್ರ. ಉಲ್ಲೇಖಿಸುವವರು ಮೊದಲ ಹೆಸರು ಬರೆದು ‘ಮತ್ತಿತರರು’ ಅನ್ನುತ್ತಾರೆ, ನಕ್ಷತ್ರ ಯಾರಿಗೂ ಕಾಣಲ್ಲ. ಹೇಳಿದೆನಲ್ಲ, ಆ ಯುಜಿಸಿ ಪಟ್ಟಿಯಲ್ಲೂ ಸಮಾನ ಕೊಡುಗೆಗೆ ಬೇರೆ ಸಾಲು ಇಲ್ಲ.

ಒಂದು ವಿಷಯ ಮರೆಯಬೇಡಿ: ಥೀಸಿಸ್. ಆರು ಮತ್ತು ಏಳನೇ ಫಿಗರ್ ಯಾರ ಥೀಸಿಸ್‌ನ ಯಾವ ಅಧ್ಯಾಯಕ್ಕೆ ಹೋಗುತ್ತದೆ? ಇಬ್ಬರೂ ಹಾಕಿಕೊಂಡರೆ ಎರಡನೆಯವರ ಥೀಸಿಸ್ ಸಾಮ್ಯತೆ ಪರೀಕ್ಷೆಗೆ ಹೋದಾಗ ಮೊದಲನೆಯವರದಕ್ಕೆ ತಾಳೆಯಾಗಿ ಸಿಕ್ಕಿಬೀಳಬಹುದು. ಅದನ್ನೂ ಆ ಪಟ್ಟಿಯಲ್ಲೇ ಒಂದು ಕಾಲಂ ಮಾಡಿ ಬರೆದಿಡಿ.

ಹೆಸರು ತರದ ಕೆಲಸಗಳು

ಈಗ ಎರಡನೇ ದೂರಿಗೆ ಬರೋಣ. ಲ್ಯಾಬ್‌ನಲ್ಲಿ ನಿಮ್ಮ ವಾರ ಮೂರು ರೀತಿಯ ಕೆಲಸಕ್ಕೆ ಹೋಗುತ್ತದೆ. ನಿಮ್ಮ ಪೇಪರ್ ಕೆಲಸ, ಬೇರೆಯವರ ಪೇಪರ್‌ನಲ್ಲಿ ನಿಮ್ಮ ಹೆಸರು ತರುವ ಕೆಲಸ, ಮತ್ತು ಯಾವ ಹೆಸರೂ ತರದ ಕೆಲಸ. ಮೂರನೆಯದರ ಪಟ್ಟಿ ಎಲ್ಲರಿಗೂ ಗೊತ್ತು: ಎಂಎಸ್ಸಿ ಪ್ರಾಕ್ಟಿಕಲ್, ಕೊಟೇಶನ್ ತರಿಸುವುದು, ಪ್ರಾಜೆಕ್ಟ್ ಬಿಲ್‌ಗಳು, ಸೆಮಿನಾರ್ ಸಂಘಟನೆ, ನ್ಯಾಕ್ ಬಂದರೆ ರಾಶಿ ರಾಶಿ ಫೈಲು.

ಇದರಲ್ಲಿ ಒಂದಕ್ಕೆ ಮಾತ್ರ ಲಿಖಿತ ಮಿತಿ ಇದೆ. ಯುಜಿಸಿಯ 2022ರ ಪಿಎಚ್‌ಡಿ ನಿಯಮಗಳ ಪ್ರಕಾರ ಟ್ಯುಟೋರಿಯಲ್, ಲ್ಯಾಬ್, ಮೌಲ್ಯಮಾಪನದಂಥ ಸಹಾಯಕ ಕೆಲಸಕ್ಕೆ ವಿದ್ಯಾರ್ಥಿಗೆ ವಾರಕ್ಕೆ 4ರಿಂದ 6 ಗಂಟೆ ಹಚ್ಚಬಹುದು. ನ್ಯಾಕ್ ಫೈಲಿನ ಮಾತು ಅಲ್ಲಿಲ್ಲ. ಆದರೆ ಈ ನಿಯಮ ಹಿಡಿದು ಗೈಡ್ ಮುಂದೆ ಹೋಗಿ ಎಂದು ನಾನು ಹೇಳಲ್ಲ. ನಿಮ್ಮ ಪ್ರಗತಿ ವರದಿಗೆ, ಫೆಲೋಶಿಪ್ ಅರ್ಜಿಗೆ ಸಹಿ ಹಾಕುವವರು ಅವರೇ. ಆ ಸಂಖ್ಯೆ ನಿಮ್ಮ ತಲೆಯಲ್ಲಿ ಅಳತೆಗೋಲಾಗಿ ಇದ್ದರೆ ಸಾಕು.

ಕೆಲಸ ಬರುವ ಮಾರ್ಗ ನೋಡಿ. ‘ನಾಳೆಯಿಂದ ಪ್ರಾಕ್ಟಿಕಲ್ ಎರಡು ಬ್ಯಾಚ್ ನೋಡ್ಕೋ’ ಅನ್ನುತ್ತಾರೆ. ಒಂದು ಬ್ಯಾಚ್‌ಗೆ ನಾಲ್ಕು ಗಂಟೆ ಎಂದರೆ ಎಂಟು, ದ್ರಾವಣಗಳನ್ನು ತಯಾರಿಸಲು ಇನ್ನೆರಡು. ವಾರಕ್ಕೆ ಹತ್ತು ಗಂಟೆ. ಬಣ್ಣ ಒಡೆಯುವ ಒಂದು ಪ್ರಯೋಗಕ್ಕೆ ಕತ್ತಲಲ್ಲಿ ಕಲಕುವುದು, ಬೆಳಕಿಗಿಡುವುದು, ಮಧ್ಯೆ ಮಧ್ಯೆ ಮಾದರಿ ತೆಗೆಯುವುದು ಎಲ್ಲ ಸೇರಿ ಅರ್ಧ ದಿನ ಬೇಕು. ಪ್ರತಿ ಅಳತೆ ಮೂರು ಸಲ ಆಗಬೇಕು. ಅಂದರೆ ಎರಡು ಬ್ಯಾಚ್ ಪ್ರಾಕ್ಟಿಕಲ್ ಅಂದರೆ ವಾರಕ್ಕೆ ಎರಡು ಪ್ರಯೋಗ ಕಮ್ಮಿ, ಐದನೇ ಫಿಗರ್ ಒಂದು ತಿಂಗಳು ಹಿಂದೆ. ಇದನ್ನು ಹೀಗೇ ಹೇಳಿ: ‘ಸರ್, ಎರಡೂ ಬ್ಯಾಚ್ ತಗೊಂಡ್ರೆ ಐದನೇ ಫಿಗರ್ ಮುಂದಿನ ತಿಂಗಳು ಕೊನೆಗೆ ಹೋಗುತ್ತೆ. ಒಂದು ಬ್ಯಾಚ್ ತಗೊಂಡ್ರೆ ಈ ತಿಂಗಳೇ ಕೊಡ್ತೀನಿ. ಯಾವುದು ಮೊದಲು ಆಗ್ಲಿ?’ ಕೆಲಸ ಜಾಸ್ತಿ ಆಯ್ತು ಅಂದರೆ ‘ನಮ್ಮ ಕಾಲದಲ್ಲಿ’ ಎಂದು ಶುರುವಾಗುತ್ತದೆ. ಫಿಗರ್ ತಡವಾಗುತ್ತೆ ಅಂದರೆ ಅದು ಅವರ ಸಮಸ್ಯೆಯೂ ಹೌದು, ಅಲ್ವಾ?

ಬೇರೆಯವರ ಪೇಪರ್‌ಗೆ ನೂರು ಮಾದರಿ ಅಳೆದುಕೊಡು ಎಂದಾಗಲೂ ಇದೇ ಪಟ್ಟಿ ಕೇಳಿ. ‘ಇದು ಯಾವ ಫಿಗರ್‌ಗೆ ಸರ್?’ ಉತ್ತರದಲ್ಲಿ ಫಿಗರ್ ಇದ್ದರೆ ಹೆಸರಿನ ಮಾತು ತಾನಾಗಿ ಬರುತ್ತದೆ.

ಕೊನೆಯ ಘಳಿಗೆಯ ಹೆಸರುಗಳು

ಸಬ್‌ಮಿಟ್ ಮಾಡುವ ಹಿಂದಿನ ದಿನ ‘ಎಚ್‌ಒಡಿ ಹೆಸರೂ ಸೇರಿಸು’ ಎಂಬ ಮಾತು ಬರಬಹುದು. ಹಣ ತಂದದ್ದು, ವಿಭಾಗ ನಡೆಸುವುದು, ಮೇಲ್ವಿಚಾರಣೆ ಇಷ್ಟೇ ಆದರೆ ಅದು ಲೇಖಕರಾಗಲು ಸಾಲದು ಎಂದು ಮೇಲಿನ ಮಾನದಂಡ ಸ್ಪಷ್ಟವಾಗಿ ಹೇಳುತ್ತದೆ. ಆದರೆ ವಿದ್ಯಾರ್ಥಿ ಇದನ್ನು ತತ್ವವಾಗಿ ಹೇಳಿದರೆ ಉಪದೇಶದಂತೆ ಕೇಳುತ್ತದೆ. ಇದಕ್ಕಿಂತ ಒಳ್ಳೆಯ ದಾರಿ ಜರ್ನಲ್‌ನ ಫಾರ್ಮ್. ಪ್ರತಿ ಲೇಖಕರು ಏನು ಮಾಡಿದರು ಎಂದು ಹದಿನಾಲ್ಕು ಪಾತ್ರಗಳ ಪಟ್ಟಿಯಿಂದ ಆರಿಸಿ ಬರೆಯಿರಿ ಎಂದು ಈಗ ಎಷ್ಟೋ ಜರ್ನಲ್‌ಗಳು ಕೇಳುತ್ತವೆ. ಈ ಪಟ್ಟಿಗೆ ಕ್ರೆಡಿಟ್ ಎಂದೇ ಹೆಸರು. ‘ಸರ್, ಇಲ್ಲಿ ಎಚ್‌ಒಡಿ ಮುಂದೆ ಏನು ಬರೀಲಿ?’ ಎಂದು ಕೇಳಿದರೆ ಸಾಕು, ಎಷ್ಟೋ ಹೆಸರು ಅಲ್ಲೇ ಕೃತಜ್ಞತೆಗೆ ಇಳಿದುಬಿಡುತ್ತವೆ. ಎಲ್ಲ ಸಲವೂ ಇಳಿಯಲ್ಲ, ಅದೂ ನಿಜ. ನಡುವಿನ ಒಂದು ಹೆಸರಿಗಾಗಿ ಮೊದಲ ಹೆಸರನ್ನು ಪಣಕ್ಕಿಡುವುದು ಬೇಡ.

ಇನ್ನೊಂದು ಅಪಾಯ ರಿವಿಷನ್‌ನಲ್ಲಿದೆ. ಮೂರು ತಿಂಗಳ ನಂತರ ವಿಮರ್ಶಕರು ‘ಎಕ್ಸ್‌ಪಿಎಸ್ ಮಾಡಿಸಿ, ಸ್ಕ್ಯಾವೆಂಜರ್ ಪರೀಕ್ಷೆ ಮತ್ತೆ ಮಾಡಿ’ ಅನ್ನುತ್ತಾರೆ. ನೀವು ಥೀಸಿಸ್ ಬರೆಯುತ್ತಿದ್ದೀರಿ, ಜೂನಿಯರ್ ಅದೆಲ್ಲ ಮಾಡುತ್ತಾರೆ. ಕ್ರಮ ಬದಲಾಗಬೇಕಾ? ಮೊದಲೇ ಮಾತಾಡಿದ್ದರೆ ಉತ್ತರ ಸುಲಭ. ಸಬ್‌ಮಿಟ್ ಆದ ಮೇಲೆ ಹೆಸರು ಸೇರಿಸಲು, ತೆಗೆಯಲು, ಕ್ರಮ ಬದಲಿಸಲು ಸಾಮಾನ್ಯವಾಗಿ ಎಲ್ಲ ಲೇಖಕರ ಲಿಖಿತ ಒಪ್ಪಿಗೆ ಬೇಕು. ಜಗಳ ಎದ್ದರೆ ಜರ್ನಲ್ ನ್ಯಾಯ ಹೇಳುವುದಿಲ್ಲ, ‘ನಿಮ್ಮ ಸಂಸ್ಥೆಯಲ್ಲೇ ಬಗೆಹರಿಸಿಕೊಳ್ಳಿ’ ಎಂದು ಪೇಪರ್ ತಡೆದಿಡುತ್ತದೆ.

ಸಂಸ್ಥೆ ಅಂದರೆ ನಿಮ್ಮ ಪಾಲಿಗೆ ಸಂಶೋಧನಾ ಸಲಹಾ ಸಮಿತಿ. 2022ರ ನಿಯಮದಂತೆ ಪ್ರತಿ ಸೆಮಿಸ್ಟರ್ ನೀವು ಅದರ ಮುಂದೆ ಪ್ರಗತಿ ತೋರಿಸಬೇಕು. ದೂರು ಕೊಡುವ ಜಾಗ ಎಂದು ಅದನ್ನು ನೋಡಬೇಡಿ, ದಾಖಲೆಯ ಜಾಗ ಎಂದು ನೋಡಿ. ಸ್ಲೈಡ್‌ನ ಪ್ರತಿ ಫಿಗರ್ ಕೆಳಗೆ ಅಳತೆ ಮಾಡಿದವರ ಹೆಸರು, ತಿಂಗಳು ಸಣ್ಣದಾಗಿ ಹಾಕಿ. ಜೂನಿಯರ್ ಮಾಡಿದ್ದಕ್ಕೆ ಜೂನಿಯರ್ ಹೆಸರೇ ಹಾಕಿ. ಗೈಡ್ ಅಲ್ಲೇ ಕೂತಿರುತ್ತಾರೆ, ಯಾರೂ ಆಕ್ಷೇಪ ಮಾಡುವುದಿಲ್ಲ. ವರ್ಷದ ನಂತರ ಪ್ರಶ್ನೆ ಬಂದರೆ ನಾಲ್ಕು ಪ್ರಾಧ್ಯಾಪಕರು ನೋಡಿದ ಸ್ಲೈಡ್ ಇರುತ್ತದೆ. ಲ್ಯಾಬ್ ನೋಟ್‌ಬುಕ್‌ನಲ್ಲಿ ತಾರೀಖು ಇರಲಿ, ಯಂತ್ರದಿಂದ ಬಂದ ಮೂಲ ಫೈಲ್‌ಗಳು ಲ್ಯಾಬ್‌ನ ಕಂಪ್ಯೂಟರ್‌ನಲ್ಲೂ ಇರಲಿ. ಸಿಟ್ಟಿನಲ್ಲಿ ‘ಡೇಟಾ ಕೊಡಲ್ಲ’ ಅನ್ನಲು ಮಾತ್ರ ಹೋಗಬೇಡಿ. ಡೇಟಾ ಲ್ಯಾಬ್‌ನದು. ಹಾಗೆ ಹೇಳಿದ ದಿನದಿಂದ ತಪ್ಪು ನಿಮ್ಮ ಕಡೆಗೆ ಬರುತ್ತದೆ.

ಪೇಪರ್ ಸಬ್‌ಮಿಟ್ ಆದಾಗ ಹೆಚ್ಚಿನ ಜರ್ನಲ್‌ಗಳು ಎಲ್ಲ ಲೇಖಕರಿಗೂ ಮೇಲ್ ಕಳಿಸುತ್ತವೆ. ಅದನ್ನು ಅಭಿನಂದನೆ ಎಂದು ಓದಿ ಬಿಟ್ಟುಬಿಡಬೇಡಿ, ಅದರಲ್ಲಿರುವ ಹೆಸರಿನ ಕ್ರಮವನ್ನು ಡ್ರಾಫ್ಟ್ ಜೊತೆ ಹೋಲಿಸಿ. ಫೈಲ್‌ನಲ್ಲಿ ಒಂದು ಕ್ರಮ, ವೆಬ್‌ಸೈಟಿನ ಫಾರ್ಮ್‌ನಲ್ಲಿ ಇನ್ನೊಂದು ಕ್ರಮ ಆಗುವುದುಂಟು. ನಮ್ಮವರಿಗೆ ಇನ್ನೊಂದು ತೊಂದರೆ ಇದೆ: ಫಾರ್ಮ್ ಕುಟುಂಬದ ಹೆಸರು ಕೇಳುತ್ತದೆ, ನಮ್ಮಲ್ಲಿ ಹಲವರಿಗೆ ಇರುವುದು ಇನಿಶಿಯಲ್ ಮಾತ್ರ. ಅಲ್ಲಿ ತಿರುವುಮುರುವಾದರೆ ಪೇಪರ್ ಅಪ್ಪನ ಹೆಸರಿಗೋ ಊರಿನ ಹೆಸರಿಗೋ ಜಮೆಯಾಗುತ್ತದೆ. ಎಲ್ಲ ಪೇಪರ್‌ನಲ್ಲೂ ಒಂದೇ ರೀತಿ ಬರೆಯಿರಿ, ಸಂಶೋಧಕರ ಗುರುತಿನ ಸಂಖ್ಯೆಯಾದ ಆರ್ಕಿಡ್ ಐಡಿ ಮಾಡಿಸಿ ಜೋಡಿಸಿ. ತಪ್ಪು ಕಂಡರೆ ಆವತ್ತೇ ಗೈಡ್‌ಗೆ ಹೇಳಿ, ಏಕೆಂದರೆ ಅಚ್ಚಿನ ಪ್ರೂಫ್ ಬರುವ ಹೊತ್ತಿಗೆ ಹೆಸರು ಬದಲಿಸಬೇಕಾದರೆ ಎಲ್ಲರ ಸಹಿ ಮತ್ತೆ ಬೇಕಾಗುತ್ತದೆ.